ಲ್ಯಾಪ್‌ಟಾಪ್ ಪ್ಲಗ್ಗಿಗೆ 13 ಆಂಪಿಯರ್ ಫ್ಯೂಸ್ ಹಾಕಬೇಡಿ

ಬ್ರಿಟನ್ನಿಗೆ ಓದಲು, ಕೆಲಸಕ್ಕೆ ಬಂದಿರುವ ಕನ್ನಡಿಗರು ದಯವಿಟ್ಟು ಇದನ್ನು ಓದಿ. ಕಳೆದ ಚಳಿಗಾಲದಲ್ಲಿ ನನ್ನ ಬಾಡಿಗೆ ಕೋಣೆಯ ಕಾರ್ಪೆಟ್ ಸುಟ್ಟಿತು. ತಪ್ಪು ನನ್ನದೇ.

ಒಂದು ಸಂಜೆ ಲ್ಯಾಪ್‌ಟಾಪ್ ಚಾರ್ಜ್ ಆಗುವುದು ನಿಂತಿತು. ಇಲ್ಲಿನ ಪ್ಲಗ್ಗಿನೊಳಗೇ ಬೆರಳಿನ ಗೆಣ್ಣಿನಷ್ಟು ಉದ್ದದ ಫ್ಯೂಸ್ ಇರುತ್ತದೆ. ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದೆ. ಕೆಂಪು ಅಕ್ಷರದ 3 ಆಂಪಿಯರ್ ಫ್ಯೂಸ್ ಹೋಗಿತ್ತು. ಪಕ್ಕದ ಕೋಣೆಯ ಗೆಳೆಯ ಕಂದು ಬಣ್ಣದ 13 ಆಂಪಿಯರಿನದೊಂದನ್ನು ಕೊಟ್ಟು, "ಇದನ್ನು ಹಾಕಿ, ಮತ್ತೆ ಮತ್ತೆ ಹೋಗುವುದಿಲ್ಲ" ಎಂದರು. ಅಳತೆ ಒಂದೇ, ಸಲೀಸಾಗಿ ಕೂತಿತು. ಲ್ಯಾಪ್‌ಟಾಪೂ ನಡೆಯಿತು.

ಎರಡು ದಿನದ ನಂತರ ರಾತ್ರಿ ಪ್ಲಾಸ್ಟಿಕ್ ಸುಟ್ಟ ವಾಸನೆಗೆ ಎಚ್ಚರವಾಯಿತು. ಮೇಜಿನ ಕಾಲಿನ ಕೆಳಗೆ ಸಿಕ್ಕಿಕೊಂಡಿದ್ದ ವೈರು ಮೆತ್ತಗಾಗಿ ಕಾರ್ಪೆಟ್ಟಿಗೆ ಅಂಟಿತ್ತು. ಸುತ್ತ ಅಂಗೈ ಅಗಲ ಕರಕಲು. ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಮುಟ್ಟಿದರೆ ಬಿಸಿ. ಒಳಗಿನ ಫ್ಯೂಸ್ ಮಾತ್ರ ಗಟ್ಟಿಮುಟ್ಟಾಗಿತ್ತು!

ಆಮೇಲೆ ಕೂತು ಲೆಕ್ಕ ಹಾಕಿದೆ. ನನ್ನದು 65 ವಾಟಿನ ಅಡಾಪ್ಟರ್. 230 ವೋಲ್ಟಿನಲ್ಲಿ ಅದು ಒಂದು ಆಂಪಿಯರನ್ನೂ ಎಳೆಯುವುದಿಲ್ಲ. ಹಾಗಿದ್ದೂ 3 ಆಂಪಿಯರ್ ಫ್ಯೂಸ್ ಹೋಯಿತೆಂದರೆ ಎಲ್ಲೋ ಕರೆಂಟ್ ದಾರಿ ತಪ್ಪಿರುವ ಸಾಧ್ಯತೆಯೇ ಹೆಚ್ಚು. ಮೇಜಿನ ಕಾಲು ವೈರಿನ ಹೊದಿಕೆಯನ್ನು ಜಜ್ಜಿತ್ತು. ಎರಡು ತಂತಿಗಳೂ ನೇರವಾಗಿ ಕೂಡಿದ್ದರೆ ಯಾವ ಫ್ಯೂಸ್ ಆದರೂ ತಕ್ಷಣ ಹೋಗುತ್ತಿತ್ತು. ಕೂಡಿಯೂ ಕೂಡದಂತೆ, ಕರಕಲಾದ ಪ್ಲಾಸ್ಟಿಕ್ಕಿನ ಮೂಲಕ ಸೋರುವಾಗ ಹಾಗಾಗುವುದಿಲ್ಲ. ಹತ್ತು ಆಂಪಿಯರ್ ಹರಿದರೆ 3ರ ಫ್ಯೂಸ್ ಬೇಗನೆ ಕರಗುತ್ತದೆ, 13ರದು ಎಷ್ಟು ಹೊತ್ತಾದರೂ ಸುಮ್ಮನಿರುತ್ತದೆ. ಮೇಲಾಗಿ 13 ಎಂದು ಬರೆದಿದ್ದರೂ ಅದು 20 ಆಂಪಿಯರನ್ನು ಬಹಳ ಹೊತ್ತು ತಾಳುತ್ತದೆ. ನನ್ನ ವೈರಿನ ತಾಮ್ರ 0.75 ಚದರ ಮಿಲಿಮೀಟರ್. ಅದು ತಾಳುವುದು ಸುಮಾರು 6 ಆಂಪಿಯರ್.

ಅಡಾಪ್ಟರಿನ ಡಬ್ಬದೊಳಗೆ ಅದರದೇ ಫ್ಯೂಸ್ ಇದ್ದರೂ, ಗೋಡೆಯಿಂದ ಡಬ್ಬದವರೆಗಿನ ವೈರನ್ನು ಅದು ಕಾಯಲಾರದು. ಅದನ್ನು ಕಾಯುವುದು ಪ್ಲಗ್ಗಿನ ಫ್ಯೂಸ್. ಇಲ್ಲಿ ಗೋಡೆಯ ಸಾಕೆಟ್ಟುಗಳ ಹಿಂದಿನ ಬ್ರೇಕರ್ ಸಾಮಾನ್ಯವಾಗಿ 32 ಆಂಪಿಯರಿನದು. ತೆಳು ವೈರು ಸುಟ್ಟುಹೋದರೂ ಅದಕ್ಕೆ ತಿಳಿಯದಿರಬಹುದು. ಊರಿನಲ್ಲಿ ಪ್ಲಗ್ಗಿಗೆ ಫ್ಯೂಸೇ ಇರುವುದಿಲ್ಲವಾದ್ದರಿಂದ ನಮಗೆ ಈ ಅಭ್ಯಾಸವಿಲ್ಲ.

ಸುಮಾರು 700 ವಾಟಿನವರೆಗಿನ ಉಪಕರಣಕ್ಕೆ ಸಾಮಾನ್ಯವಾಗಿ 3 ಆಂಪಿಯರ್ ಸಾಕು; ಕೆಟಲ್, ಹೀಟರ್‌ಗಳಿಗೆ 13. ಪ್ಲಗ್ಗಿನ ಮೇಲೆ ಅಂಕಿ ಬರೆದಿದ್ದರೆ ಅದನ್ನೇ ಹಾಕಿ, ಬಿ.ಎಸ್. 1362 ಎಂಬ ಗುರುತು ನೋಡಿ ಕೊಳ್ಳಿ. ಹೊಸದನ್ನು ಹಾಕುವ ಮೊದಲು ವೈರನ್ನು ಉದ್ದಕ್ಕೂ ಕೈಯಾಡಿಸಿ ನೋಡಿ. ಹೊಸ ಫ್ಯೂಸೂ ಹೋದರೆ ಆ ವೈರನ್ನು ಎಸೆದುಬಿಡಿ.

ಊರಿನಿಂದ ತಂದ ಚಾರ್ಜರನ್ನು ಕನ್ವರ್ಟರ್ ಪ್ಲಗ್ಗಿಗೆ ಹಾಕಿದ್ದೀರಾ? ಅದನ್ನೂ ಇಂದೇ ಬಿಚ್ಚಿ ನೋಡಿ. ನನ್ನದರಲ್ಲಿ 13 ಇತ್ತು.