‘ಬ್ಲೂ ಕಟ್’ ಕನ್ನಡಕದವರ ನೀಲಿ ಪೆನ್ನಿನ ಆಟ ನಂಬಿ ದುಡ್ಡು ಕೊಡಬೇಡಿ

ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಕಣ್ಣು ಉರಿ ಅಂತ ಕನ್ನಡಕದ ಅಂಗಡಿಗೆ ಹೊರಟಿದ್ದೀರಾ? ಒಂದು ನಿಮಿಷ ಇದನ್ನ ಓದಿ ಹೋಗಿ. ನನ್ನ 3,800 ರೂಪಾಯಿ ಹೋಯ್ತು, ನಿಮ್ಮದಾದರೂ ಉಳೀಲಿ.

ನಾನು ಮೈಸೂರಿನಲ್ಲಿ ಒಬ್ಬ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡ್ತೀನಿ. ವಯಸ್ಸು 43. ರಿಟರ್ನ್ ಸೀಸನ್ನಿನಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೂ ಎಕ್ಸೆಲ್ಲೇ. ಮಧ್ಯಾಹ್ನ ದಾಟಿದ ಮೇಲೆ 3 ಯಾವುದು, 8 ಯಾವುದು ಗೊತ್ತಾಗ್ತಿರಲಿಲ್ಲ. ಸಂಜೆಗೆ ಹುಬ್ಬಿನ ಮೇಲೆ ಭಾರ, ಕಣ್ಣಲ್ಲಿ ಮರಳು ಬಿದ್ದ ಹಾಗೆ. ಮನೆ ಹತ್ತಿರದ ಅಂಗಡಿ, ದೊಡ್ಡ ಬೋರ್ಡು, ‘ಉಚಿತ ಕಣ್ಣಿನ ಪರೀಕ್ಷೆ’. ಒಳಗೆ ಹೋದೆ.

ಗಲ್ಲ ಇಟ್ಟು ದೂರದ ಬಲೂನ್ ಚಿತ್ರ ನೋಡೋ ಆ ಮಿಷನ್ ಇದೆಯಲ್ಲ, ಅದರ ಮುಂದೆ ಕೂರಿಸಿದರು. ಬಿಲ್ಲಿನ ಥರ ಒಂದು ಚೀಟಿ ಬಂತು. ಹುಡುಗ ಅದನ್ನ ನೋಡಿ, "ಪವರ್ ಏನೂ ಇಲ್ಲ ಮೇಡಂ, ನಿಮಗೆ ಬ್ಲೂ ಲೈಟ್ ಪ್ರಾಬ್ಲಂ" ಅಂದ. ಆಮೇಲೆ ಶುರುವಾಯ್ತು ಆಟ. ಡ್ರಾಯರಿನಿಂದ ಒಂದು ನೀಲಿ ಲೇಸರ್ ಪೆನ್ನು, ಒಂದು ಬಿಳಿ ಕಾರ್ಡು ತೆಗೆದ. ಪೆನ್ನಿನ ಬೆಳಕು ಬಿಟ್ಟರೆ ಕಾರ್ಡಿನ ಮೇಲೆ ನೇರಳೆ ಕಲೆ ಮೂಡುತ್ತೆ. ಮಧ್ಯೆ ಮಾಮೂಲಿ ಲೆನ್ಸ್ ಹಿಡಿದರೂ ಕಲೆ. ನೀಲಿ ಬೆಳಕನ್ನ ತಡೆಯುತ್ತೆ ಅಂತ ಅವರು ಮಾರೋ ಬ್ಲೂ ಕಟ್ ಲೆನ್ಸ್ ಹಿಡಿದರೆ ಏನೂ ಇಲ್ಲ, ಕಾರ್ಡು ಬಿಳಿಯಾಗೇ ಇದೆ! "ನೋಡಿ ಮೇಡಂ, ಈ ಕಲೆ ದಿನಾ ನಿಮ್ಮ ರೆಟಿನಾ ಮೇಲೆ ಬೀಳ್ತಾ ಇದೆ. ಇದು ಹಾಕ್ಕೊಂಡ್ರೆ ಬ್ರೇಕ್ ಕೂಡ ಬೇಕಾಗಲ್ಲ." ಕಣ್ಣೆದುರಿಗೆ ತೋರಿಸಿದ ಮೇಲೆ ಯಾರು ತಾನೆ ಬೇಡ ಅಂತಾರೆ? ಹಿಂದಿನಿಂದ ಇನ್ನಿಬ್ಬರು ಗಿರಾಕಿಗಳು ಬೇರೆ ಇಣುಕಿ ನೋಡ್ತಿದ್ದರು. ಕಾರ್ಡ್ ಸ್ವೈಪ್ ಮಾಡಿದೆ.

ವಾರಗಟ್ಟಲೆ ಹಾಕಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಫೋನ್ ಮಾಡಿದರೆ, "ಅಡ್ಜಸ್ಟ್ ಆಗೋಕೆ ಟೈಮ್ ಬೇಕು ಮೇಡಂ." ಪವರೇ ಇಲ್ಲದ ಗಾಜಿಗೆ ಕಣ್ಣು ಏನಂತ ಅಡ್ಜಸ್ಟ್ ಆಗಬೇಕಪ್ಪ? ಕೇಳಿದೆ. "ಕೆಲವರಿಗೆ ಹಾಗಾಗುತ್ತೆ ಮೇಡಂ" ಅಂತ ಲೈನ್ ಕಟ್.

ಕೊನೆಗೆ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಕೈಚೀಲದಲ್ಲಿ ಅಂಗಡಿಯ ಆ ಚೀಟಿ ಇನ್ನೂ ಇತ್ತು, ಕೊಟ್ಟೆ. ಅವರು ನೋಡಿ, "ಬಲಗಣ್ಣಿಗೆ ಸಿಲಿಂಡರ್ 0.50 ಅಂತ ಇದರಲ್ಲೇ ಇದೆಯಲ್ಲಮ್ಮ?" ಅಂದರು. ಇದೆ! ಅವರದೇ ಚೀಟಿ, ಅವರದೇ ಮಿಷನ್! ಸಿಲಿಂಡರ್ ಅಂದರೆ ಕಣ್ಣಿನ ಬಾಗು ಎಲ್ಲ ದಿಕ್ಕಿನಲ್ಲೂ ಒಂದೇ ಥರ ಇಲ್ಲದಿದ್ದಾಗ ಹಾಕೋ ಪವರ್. ಅದನ್ನ ಹಾಕಬೇಕಾದರೆ ಲೆನ್ಸ್ ಮಾಡಿಸಬೇಕು, ಅದಕ್ಕೂ ಮೊದಲು ಸರಿಯಾಗಿ ಕೂರಿಸಿ ಅಕ್ಷರ ಓದಿಸಿ ಪರೀಕ್ಷೆ ಮಾಡಬೇಕು. ಜೀರೋ ಪವರ್ ಕನ್ನಡಕ ಶೋಕೇಸಿನಲ್ಲೇ ರೆಡಿ ಇತ್ತು. ಅದನ್ನೇ ಮೂಗಿನ ಮೇಲೆ ಕೂರಿಸಿ ಕಳಿಸಿದರು. ಆ ಕ್ಷಣ ಮೈಯೆಲ್ಲ ಉರಿದು ಹೋಯ್ತು ನೋಡಿ.

ಇನ್ನೊಂದು ವಿಷಯ, ನಲವತ್ತು ದಾಟಿದವರೆಲ್ಲ ಕೇಳಿಸಿಕೊಳ್ಳಿ. ನನಗೆ ಚಾಳೀಸು ಶುರುವಾಗಿತ್ತು. ಕಣ್ಣಿನೊಳಗಿನ ಮಸೂರ ಗಟ್ಟಿಯಾಗ್ತಾ ಹೋಗುತ್ತೆ, ಹತ್ತಿರದ್ದನ್ನ ನೋಡಲು ಬಗ್ಗಲ್ಲ. ಪುಸ್ತಕ ಹಿಡಿಯೋದು ಸುಮಾರು 40 ಸೆಂಟಿಮೀಟರ್ ದೂರದಲ್ಲಿ, ನನ್ನ ಮಾನಿಟರ್ ಇರೋದು 65ರಲ್ಲಿ. ಎರಡಕ್ಕೂ ಬೇಕಾದ ಪವರ್ ಬೇರೆ. ಡಾಕ್ಟರು ಓದೋಕೆ +1.25, ಮಾನಿಟರಿಗೆ +0.75, ಜೊತೆಗೆ ಬಲಗಣ್ಣಿನ ಸಿಲಿಂಡರ್ ಬರೆದುಕೊಟ್ಟರು. ಕಂಪ್ಯೂಟರ್ ಕನ್ನಡಕ ಅಂದರೆ ಇದು! ಮಾನಿಟರ್ ಇರುವ ದೂರವನ್ನ ಟೇಪಿನಲ್ಲಿ ಅಳೆದು, ಆ ದೂರಕ್ಕೆ ಮಾಡಿಸಿದ ಕನ್ನಡಕ. ಇದಕ್ಕೆ ದುಡ್ಡು ಕೊಡಿ, ಬೇಡ ಅನ್ನಲ್ಲ. ದೂರಕ್ಕೂ ಹತ್ತಿರಕ್ಕೂ ಒಂದೇ ಲೆನ್ಸಿರೋ ಪ್ರೋಗ್ರೆಸಿವ್ ಕನ್ನಡಕ ಹಾಕಿರುವವರು ಸ್ಕ್ರೀನ್ ನೋಡೋಕೆ ಗಲ್ಲ ಎತ್ತಿ ಎತ್ತಿ ಕುತ್ತಿಗೆ ನೋವು ತಂದುಕೊಳ್ತಾರಲ್ಲ, ಅವರಿಗೂ ಇಂಥ ಪ್ರತ್ಯೇಕ ಜೋಡಿ ಒಳ್ಳೇದಂತೆ.

ಪೆನ್ನಿನ ಮೋಸ ಏನು ಗೊತ್ತಾ? ಅಂಥ ಪೆನ್ನುಗಳು ಬಿಡೋದು ಸಾಮಾನ್ಯವಾಗಿ 405 ನ್ಯಾನೋಮೀಟರ್ ತರಂಗಾಂತರದ ಸುತ್ತಿನ ನೇರಳೆ ಬೆಳಕು. ನಮ್ಮ ಎಲ್ಇಡಿ ಸ್ಕ್ರೀನಿನ ನೀಲಿ ಹೆಚ್ಚಾಗಿ ಇರೋದು 450ರ ಆಸುಪಾಸು. ಲೆನ್ಸ್ ಮೊದಲನೆಯದನ್ನ ತಡೆಯುತ್ತೆ, ಎರಡನೆಯದರಲ್ಲಿ ಬಹುಪಾಲನ್ನ ಆರಾಮಾಗಿ ಒಳಗೆ ಬಿಡುತ್ತೆ. ನಿಜವಾಗಿ ತಡೆದಿದ್ದರೆ ಲೋಕವೆಲ್ಲ ಹಳದಿ ಕಾಣಬೇಕಿತ್ತು. ನೀವೇ ನೋಡಿ: ಫೋನಿನಲ್ಲಿ ಅಚ್ಚ ನೀಲಿ ಚಿತ್ರ ತೆರೆದು ಆ ಕನ್ನಡಕದಿಂದ ನೋಡಿ. ಹಾಗೇ ನೀಲಿ ಕಾಣುತ್ತೆ! ನಾನು ಅಂಗಡಿಯ ಕೌಂಟರಿನಲ್ಲೇ ಇದನ್ನ ಮಾಡಿ ತೋರಿಸಿದೆ. ಮ್ಯಾನೇಜರ್ ಏನಂದರು ಗೊತ್ತಾ? "ಅದು ಮೊಬೈಲ್ ಬ್ಲೂ ಮೇಡಂ, ಕಂಪ್ಯೂಟರ್ ಬ್ಲೂ ಬೇರೆ." ನಗಬೇಕೋ ಅಳಬೇಕೋ!

ಅಷ್ಟಕ್ಕೂ ಕಣ್ಣು ದಣಿಯೋದಕ್ಕೆ ನೀಲಿ ಬೆಳಕೇ ಕಾರಣ ಅನ್ನೋದಕ್ಕೆ ಆಧಾರ ಇಲ್ಲ. ಬಿಸಿಲಿನಲ್ಲಿ ನಿಂತರೆ ಸ್ಕ್ರೀನಿಗಿಂತ ಎಷ್ಟೋ ಪಾಲು ಹೆಚ್ಚು ನೀಲಿ ಬೆಳಕು ಕಣ್ಣಿಗೆ ಬೀಳುತ್ತೆ. 2023ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನ ಪರಿಶೀಲಿಸೋ ಕಾಕ್ರೇನ್ ಸಂಸ್ಥೆಯವರು 17 ಪ್ರಯೋಗಗಳನ್ನ ಒಟ್ಟಿಗಿಟ್ಟು ನೋಡಿದಾಗ, ಮಾಮೂಲಿ ಲೆನ್ಸಿಗೆ ಹೋಲಿಸಿದರೆ ಕಣ್ಣಿನ ದಣಿವಿನಲ್ಲಿ, ಕಡಿಮೆ ಅವಧಿಯಲ್ಲಂತೂ, ಲಾಭ ಕಾಣಲಿಲ್ಲ. ಬ್ರಿಟನ್ನಿನಲ್ಲಿ 2017ರಲ್ಲಿ ಬೂಟ್ಸ್ ಆಪ್ಟಿಷಿಯನ್ಸ್ ಕಂಪನಿಗೆ ಇಂಥದ್ದೇ ಲೆನ್ಸಿನ ದಾರಿ ತಪ್ಪಿಸುವ ಜಾಹೀರಾತಿಗೆ 40,000 ಪೌಂಡ್ ದಂಡ ಹಾಕಿದ್ದಾರೆ. ಇದನ್ನೂ ಮ್ಯಾನೇಜರಿಗೆ ಹೇಳಿದೆ. "ಅದು ಫಾರಿನ್ ಮೇಡಂ."

ನನ್ನ ಉರಿಗೆ ಡಾಕ್ಟರು ಹೇಳಿದ ಕಾರಣ ಬೇರೆ. ಸ್ಕ್ರೀನ್ ನೋಡುವಾಗ ನಾವು ರೆಪ್ಪೆ ಬಡಿಯೋದು ಅರ್ಧಕ್ಕೂ ಕಡಿಮೆ ಆಗಬಹುದಂತೆ, ಬಡಿದರೂ ಪೂರ್ತಿ ಮುಚ್ಚಲ್ಲ. ಕಣ್ಣೀರಿನ ಪದರ ಒಣಗುತ್ತೆ. ಅದರ ಮೇಲೆ ನನ್ನ ಸೀಟಿಗೆ ನೇರವಾಗಿ ಏಸಿ ಗಾಳಿ. ಯಾವ ಲೆನ್ಸ್ ತಾನೆ ಇದನ್ನ ತಡೆಯುತ್ತೆ?

‘ಬ್ರೇಕ್ ಬೇಡ’ ಅಂದನಲ್ಲ ಆ ಹುಡುಗ, ಅದೇ ಎಲ್ಲಕ್ಕಿಂತ ಕೆಟ್ಟ ಸಲಹೆ. ಬ್ರೇಕ್ ತಗೊಳ್ಳೋಕೆ 20-20-20 ಅಂತ ಒಂದು ನಿಯಮ ಇದೆ, ಅಂದರೆ 20 ನಿಮಿಷಕ್ಕೊಮ್ಮೆ, 20 ಸೆಕೆಂಡು, 20 ಅಡಿ ದೂರದ್ದನ್ನ ನೋಡೋದು. ಜೆಫ್ರಿ ಆನ್ಶೆಲ್ ಅನ್ನೋ ಅಮೆರಿಕದ ಕಣ್ಣಿನ ತಜ್ಞರು ನೆನಪಿರಲಿ ಅಂತ ಮಾಡಿದ ಲೆಕ್ಕ, ಮಂತ್ರ ಏನಲ್ಲ. 20 ಅಡಿ, ಅಂದರೆ 6 ಮೀಟರ್ ದೂರ ನೋಡಿದಾಗ ಕಣ್ಣಿನೊಳಗಿನ ಸ್ನಾಯು ಸಡಿಲ ಆಗುತ್ತೆ. ನಮ್ಮ ಆಫೀಸಿನಲ್ಲಿ ಎದುರಿಗೇ ಗೋಡೆ, ಎಂಟು ಅಡಿಯೂ ಇಲ್ಲ, ಕಿಟಕಿಗೆ ತಿರುಗಬೇಕು. ಆ 20 ಸೆಕೆಂಡು ಫೋನ್ ನೋಡಿದರೆ ಲೆಕ್ಕಕ್ಕಿಲ್ಲ. ರೆಪ್ಪೆ ಪೂರ್ತಿ ಮುಚ್ಚಿ ತೆರೆಯಿರಿ. ಇದರಿಂದ ಉರಿ ಕಮ್ಮಿ ಆಯ್ತು, ಮಸುಕು ಹೋಗಲಿಲ್ಲ. ಮಸುಕು ಹೋಗಿದ್ದು ಪವರ್ ಹಾಕಿದ ಮೇಲೆ.

ಅಂಗಡಿಯಲ್ಲಿ ಪೆನ್ನು ತೆಗೆದ ಕೂಡಲೇ ಎದ್ದು ಬನ್ನಿ. ಪರೀಕ್ಷೆಯ ಚೀಟಿ ಕೇಳಿ ಇಸ್ಕೊಳ್ಳಿ. ಈಗಾಗಲೇ ಬ್ಲೂ ಕಟ್ ತಗೊಂಡಿದ್ದರೆ ಫ್ರೇಮ್ ಎಸೀಬೇಡಿ, ಅದಕ್ಕೇ ಸರಿಯಾದ ಲೆನ್ಸ್ ಕೂರಿಸಬಹುದು. ನಾನು ಬೇರೆ ಕಡೆ ಹಾಗೇ ಮಾಡಿಸಿದೆ.

ದುಡ್ಡು ವಾಪಸ್ ಬಂದಿಲ್ಲ. "ಲೆನ್ಸಿಗೆ ರಿಟರ್ನ್ ಇಲ್ಲ, ಬಿಲ್ ಹಿಂದೆ ಬರೆದಿದೆ" ಅಂತಾರೆ. ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟ ಮೇಲೆ ಅವರೇ ಫೋನ್ ಮಾಡಿದರು: ರಿವ್ಯೂ ತೆಗೆದರೆ 500 ರೂಪಾಯಿ ವೋಚರ್ ಕೊಡ್ತಾರಂತೆ. ಅದೂ ಬ್ಲೂ ಕಟ್ ಲೆನ್ಸ್ ತಗೊಂಡರೆ ಮಾತ್ರ.