ಡಿ.ಫಾರ್ಮ್ ಸರ್ಟಿಫಿಕೇಟ್ ಮೆಡಿಕಲ್ ಶಾಪ್‌ಗೆ ಬಾಡಿಗೆ ಕೊಡೋ ಮುಂಚೆ ಇದನ್ನ ಓದಿ

ಡಿ.ಫಾರ್ಮ್, ಬಿ.ಫಾರ್ಮ್ ಮುಗಿಸಿ ಕೆಲ್ಸ ಹುಡುಕ್ತಾ ಇರೋರಿಗೆ ಇದನ್ನ ಬರೀತಿದೀನಿ. ಕೈಗೆ ಬಂದಿದ್ದ ಆಸ್ಪತ್ರೆ ಕೆಲ್ಸ ಹೋಯ್ತು, ಮೇಲೆ ಒಂದು ನೋಟಿಸ್ ಬಂದಿದೆ. ಎಲ್ಲದಕ್ಕೂ ಕಾರಣ ಮೂರು ವರ್ಷದ ಹಿಂದೆ ನಾನು ಹಾಕಿದ ನಾಲ್ಕೈದು ಸೈನು.

2022ರಲ್ಲಿ ದಾವಣಗೆರೆಲಿ ಡಿ.ಫಾರ್ಮ್ ಮುಗೀತು, 500 ಗಂಟೆ ಟ್ರೈನಿಂಗೂ ಆಯ್ತು, ಫಾರ್ಮಸಿ ಕೌನ್ಸಿಲ್ ರಿಜಿಸ್ಟ್ರೇಷನ್ ನಂಬರ್ ಬಂತು. ಬೆಂಗಳೂರಲ್ಲಿ ಬಿ.ಫಾರ್ಮ್ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ ಸೀಟು ಸಿಕ್ಕಿತ್ತು. ಫೀಸು, ಪಿಜಿ ಖರ್ಚು ಹೆಂಗಪ್ಪಾ ಅಂತ ಕೂತಿದ್ದಾಗ ಪರಿಚಯದವರ ಕಡೆಯಿಂದ ಒಬ್ರು ಫೋನ್ ಮಾಡಿದ್ರು. ಪಕ್ಕದ ತಾಲ್ಲೂಕಲ್ಲಿ ಹೊಸ ಮೆಡಿಕಲ್ ಶಾಪ್ ಹಾಕ್ತಿದ್ರು. "ತಮ್ಮಾ, ನೀನು ದಿನಾ ಬರೋದೇನೂ ಬೇಡ, ಸರ್ಟಿಫಿಕೇಟ್ ಇದ್ರೆ ಸಾಕು, ತಿಂಗಳಿಗೆ 4,500 ನಿನ್ ಅಕೌಂಟಿಗೆ ಹಾಕ್ತೀನಿ, ಎಲ್ಲಾ ಕಡೆ ಹಿಂಗೇ ನಡೆಯೋದು" ಅಂದ್ರು. ನಮ್ಮ ಸೀನಿಯರ್ಸ್ ಕೂಡ ಕೊಟ್ಟಿದ್ರು, ನಾನೂ ಹೂಂ ಅಂದೆ.

ಏನೇನಕ್ಕೆ ಸೈನ್ ಮಾಡಿಸಿಕೊಂಡ್ರು ಅಂತ ಹೇಳ್ತೀನಿ, ಯಾಕಂದ್ರೆ ಮುಂದೆ ಕುತ್ತಿಗೆಗೆ ಬಂದಿದ್ದು ಅದೇ. ಅಪಾಯಿಂಟ್‌ಮೆಂಟ್ ಲೆಟರ್ ಒಂದು. ಸ್ಟ್ಯಾಂಪ್ ಪೇಪರ್ ಮೇಲೆ ಅಫಿಡವಿಟ್ ಒಂದು, ಅದರಲ್ಲಿ ನಾನು ಈ ಅಂಗಡಿಲಿ ಪೂರ್ಣಾವಧಿ ಕೆಲ್ಸ ಮಾಡ್ತೀನಿ, ಬೇರೆ ಎಲ್ಲೂ ಕೆಲ್ಸ ಮಾಡಲ್ಲ, ಓದ್ತಾನೂ ಇಲ್ಲ ಅಂತಿತ್ತು. ಆಮೇಲೆ ಎಚ್1 ರಿಜಿಸ್ಟರ್ ಅಂತ ಒಂದು ಪುಸ್ತಕ ತಂದು ಖಾಲಿ ಹಾಳೆಗಳ ಕೆಳಗಡೆ ಸೈನ್ ಹಾಕಿಸಿದ್ರು, "ಪದೇ ಪದೇ ನಿನ್ನ ಕರೆಸೋದು ಯಾಕೆ" ಅಂತ. ಎಚ್1 ಅಂದ್ರೆ ಏನು ಅಂತ ಕ್ಲಾಸಲ್ಲಿ ಓದಿದ್ದೆ, ಪರೀಕ್ಷೇಲಿ ಬರೆದಿದ್ದೆ. ಆದ್ರೂ ಖಾಲಿ ಹಾಳೆಗೆ ಸೈನ್ ಮಾಡಿದೆ, ಅದೇ ನನ್ನ ದೊಡ್ಡ ತಪ್ಪು.

ಗೊತ್ತಿಲ್ಲದೋರಿಗೆ ಹೇಳ್ತೀನಿ. ಫಾರ್ಮ್ 20, ಫಾರ್ಮ್ 21 ಲೈಸೆನ್ಸ್ ಇರೋ ರಿಟೇಲ್ ಅಂಗಡಿಲಿ ಡಾಕ್ಟರ್ ಚೀಟಿ ಮೇಲೆ ಕೊಡೋ ಔಷಧಿನ ರಿಜಿಸ್ಟರ್ಡ್ ಫಾರ್ಮಸಿಸ್ಟ್ ತಾನೇ ಕೊಡ್ಬೇಕು, ಇಲ್ಲಾ ಎದುರಿಗೆ ನಿಂತು ಕೊಡಿಸ್ಬೇಕು. ಎಚ್1 ಪಟ್ಟಿಲಿರೋ ಔಷಧಿ, ಅಂದ್ರೆ ಆಲ್ಪ್ರಜೋಲಾಮ್, ಟ್ರಮಡಾಲ್ ಅಂಥವು, ಕೊಟ್ಟ ಹೊತ್ತಿಗೇ ಡಾಕ್ಟರ್ ಹೆಸರು ವಿಳಾಸ, ಪೇಷೆಂಟ್ ಹೆಸರು, ಔಷಧಿ ಹೆಸರು, ಎಷ್ಟು ಅಂತ ಬೇರೆ ರಿಜಿಸ್ಟರಲ್ಲಿ ಬರೀಬೇಕು, ಆ ಪುಸ್ತಕ ಮೂರು ವರ್ಷ ಇಟ್ಕೋಬೇಕು. 2014ರಿಂದ ಈ ನಿಯಮ ಇದೆ.

ಬಿ.ಫಾರ್ಮ್ ಮುಗಿಯೋ ಟೈಮಿಗೆ ಫೋನ್ ಮಾಡಿ "ಅಣ್ಣಾ, ನಾನಿನ್ನು ಬೇರೆ ಕಡೆ ಕೆಲ್ಸಕ್ಕೆ ಸೇರ್ತೀನಿ, ನನ್ನ ಹೆಸರು ತೆಗೆಸಿಬಿಡಿ" ಅಂದೆ. ಆಯ್ತು ಅಂದ್ರು. ಮುಂದಿನ ತಿಂಗಳಿಂದ ದುಡ್ಡು ಬರೋದು ನಿಂತ್ತು, ಹಂಗಾದ್ರೆ ಹೆಸರೂ ತೆಗೆಸಿದಾರೆ ಅಂದ್ಕೊಂಡೆ. ದುಡ್ಡು ನಿಂತಿತ್ತು ಅಷ್ಟೇ, ಹೆಸರು ಅಲ್ಲೇ ಇತ್ತು.

2025ರಲ್ಲಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆ ಫಾರ್ಮಸಿಲಿ ಸೆಲೆಕ್ಟ್ ಆದೆ, ತಿಂಗಳಿಗೆ 22,000, ವಾರ್ಡ್ ಇಂಡೆಂಟ್ ನೋಡೋ ಕೆಲ್ಸ, ನನಗೆ ಬೇಕಾಗಿದ್ದೇ ಅದು. ಆಸ್ಪತ್ರೆಯೋರು ತಮ್ಮ ಲೈಸೆನ್ಸಿಗೆ ನನ್ನ ಹೆಸರು ಸೇರಿಸೋಕೆ ಅರ್ಜಿ ಹಾಕಿದ್ರು, ಅದು ವಾಪಸ್ ಬಂತು. ನಿಮ್ಮ ರಿಜಿಸ್ಟ್ರೇಷನ್ ನಂಬರ್ ಇನ್ನೊಂದು ಅಂಗಡಿಲಿ ಇದೆಯಲ್ಲ, ಇದೇನು ಅಂತ ಎಚ್‌ಆರ್ ಮೇಡಂ ಕೇಳಿದ್ರು. ಏನ್ ಹೇಳ್ಲಿ?

ಊರಿಗೆ ಓಡಿದೆ. ಅಂಗಡಿಗೆ ಹೋದ್ರೆ ಇನ್ನೊಂದು ಸುದ್ದಿ ಕಾದಿತ್ತು. ಎರಡು ತಿಂಗಳ ಹಿಂದೆ ಡ್ರಗ್ಸ್ ಇನ್‌ಸ್ಪೆಕ್ಟರ್ ಬಂದು ಹೋಗಿದ್ರು. ಅಂಗಡಿಲಿ ಫಾರ್ಮ್ 35 ಅಂತ ಇನ್‌ಸ್ಪೆಕ್ಷನ್ ಪುಸ್ತಕ ಇಟ್ಟಿರ್ತಾರೆ, ಅದರಲ್ಲಿ ಬರೆದಿದ್ರು, ಫಾರ್ಮಸಿಸ್ಟ್ ಗೈರುಹಾಜರು ಅಂತ. ಅದಕ್ಕಿಂತ ದೊಡ್ಡದು ಕೆಳಗಡೆ ಇತ್ತು. ಇನ್‌ಸ್ಪೆಕ್ಟರ್ ಹೋಲ್‌ಸೇಲ್ ಪರ್ಚೇಸ್ ಬಿಲ್ ತೆಗೆಸಿ ಲೆಕ್ಕ ಹಾಕಿದ್ರು, ಆರು ತಿಂಗಳಲ್ಲಿ ಆಲ್ಪ್ರಜೋಲಾಮ್ 180 ಸ್ಟ್ರಿಪ್ ಬಂದಿದೆ, ರಿಜಿಸ್ಟರಲ್ಲಿ ಬರೆದಿರೋದು 31, ಶೆಲ್ಫಲ್ಲಿ ಉಳಿದಿರೋದು 22. ಉಳಿದ 127 ಸ್ಟ್ರಿಪ್ ಯಾರಿಗೆ ಹೋಯ್ತು ಅನ್ನೋದಕ್ಕೆ ಚೀಟಿನೂ ಇಲ್ಲ ಬಿಲ್ಲೂ ಇಲ್ಲ. ಬರೆದಿರೋ 31ರಲ್ಲೂ ಎಷ್ಟೋ ಕಡೆ ಡಾಕ್ಟರ್ ಹೆಸರಿನ ಜಾಗ ಖಾಲಿ. ಪ್ರತಿ ಹಾಳೆ ಕೆಳಗೂ ನನ್ನ ಸೈನು. ಯಾವ ಹುಡುಗರ ಕೈಗೆ ಹೋಯ್ತೋ ಆ ಮಾತ್ರೆ, ನೆನೆಸ್ಕೊಂಡ್ರೆ ಇವತ್ತಿಗೂ ನಿದ್ದೆ ಬರಲ್ಲ.

ವಿವರಣೆ ಕೊಡಿ ಅಂತ ನನಗೂ ನೋಟಿಸ್ ಬಂತು. ನಾನು ಬೆಂಗಳೂರಲ್ಲಿದ್ದೆ ಸರ್, ಕಾಲೇಜ್ ಅಟೆಂಡೆನ್ಸ್ ಇದೆ, ತೋರಿಸ್ತೀನಿ ಅಂತ ಖುಷಿಯಿಂದ ಹೊರಟಿದ್ದೆ. ಪರಿಚಯದ ವಕೀಲರು ತಡೆದು ಕೂರಿಸಿದ್ರು. "ನೀನು ಅಂಗಡಿಲಿ ಇದ್ದೆ ಅಂದ್ರೆ 127 ಸ್ಟ್ರಿಪ್ಪಿಗೆ ನೀನೇ ಉತ್ತರ ಕೊಡ್ಬೇಕು. ಇರಲಿಲ್ಲ ಅಂದ್ರೆ ನೀನು ಕೊಟ್ಟ ಅಫಿಡವಿಟ್ಟೇ ಸುಳ್ಳಾಗತ್ತೆ" ಅಂದ್ರು. ನನ್ನ ಥರ ಅಫಿಡವಿಟ್ಟಿಗೂ ಖಾಲಿ ಹಾಳೆಗೂ ಸೈನ್ ಹಾಕಿ ಕೊಟ್ಟೋರಿಗೆ ಇದರಿಂದ ತಪ್ಪಿಸ್ಕೊಳ್ಳೋದು ಕಷ್ಟ, ಹೇಗೆ ಹೇಳಿದ್ರೂ ಎರಡರಲ್ಲಿ ಒಂದು ತಪ್ಪು ಮೈಮೇಲೆ ಬರತ್ತೆ. ಕೌನ್ಸಿಲ್ ವಿಚಾರಣೆ ಮಾಡಿ ರಿಜಿಸ್ಟರಿನಿಂದ ಹೆಸರು ತೆಗೆದುಹಾಕೋಕೂ ಫಾರ್ಮಸಿ ಕಾಯ್ದೆಲಿ ಅವಕಾಶ ಇದೆ. ನಾನು ನಿಜ ಬರ್ದು ಕೊಟ್ಟೆ. ಆಸ್ಪತ್ರೆಯೋರು ಮೂರು ವಾರ ಕಾದು ಬೇರೆಯವರನ್ನ ತಗೊಂಡ್ರು, ಅವರದ್ದೇನೂ ತಪ್ಪಿಲ್ಲ.

ಈಗಾಗಲೇ ಸರ್ಟಿಫಿಕೇಟ್ ಕೊಟ್ಟಿದ್ರೆ ಓನರ್ ತೆಗೆಸ್ತಾರೆ ಅಂತ ಕೂರಬೇಡಿ. ರಾಜೀನಾಮೆನ ನೀವೇ ಬರೀರಿ, ಅದರಲ್ಲಿ ಅಂಗಡಿ ಹೆಸರು, ಲೈಸೆನ್ಸ್ ನಂಬರ್, ನಿಮ್ಮ ರಿಜಿಸ್ಟ್ರೇಷನ್ ನಂಬರ್, ಯಾವ ತಾರೀಖಿಂದ ಬಿಟ್ಟಿದೀನಿ ಅನ್ನೋದು ಇರಲಿ. ಒಂದು ಪ್ರತಿ ಓನರಿಗೆ ಸ್ಪೀಡ್ ಪೋಸ್ಟಲ್ಲಿ ಹೋಗ್ಲಿ. ಇನ್ನೊಂದನ್ನ ಆ ಜಿಲ್ಲೆ ಸಹಾಯಕ ಔಷಧ ನಿಯಂತ್ರಕರ ಆಫೀಸಿಗೆ ನೀವೇ ತಗೊಂಡು ಹೋಗಿ ಕೊಡಿ, ನಿಮ್ಮ ಕೈಲಿರೋ ಪ್ರತಿ ಮೇಲೆ ಇನ್ವರ್ಡ್ ಸೀಲು, ತಾರೀಖು ಹಾಕಿಸ್ಕೊಳ್ಳಿ. ಫೋನ್ ಮಾಡಿ ಹೇಳಿದ್ದು, ವಾಟ್ಸಾಪ್ ಮಾಡಿದ್ದು ಯಾವುದೂ ಅಲ್ಲಿ ಲೆಕ್ಕಕ್ಕಿಲ್ಲ, ನಾನು ಅನುಭವಿಸಿದೀನಿ. ಖಾಲಿ ಹಾಳೆಗೆ ಸೈನ್ ಮಾಡಿ ಕೊಟ್ಟಿದ್ರೆ ಅದನ್ನೂ ಅದೇ ಪತ್ರದಲ್ಲಿ ಬರೀರಿ, ಮುಚ್ಚಿಡಬೇಡಿ. ಆಸ್ಪತ್ರೆ ಇಂಟರ್‌ವ್ಯೂಗೆ ಹೋಗೋ ಮುಂಚೆನೇ ಇದಾಗಿರಲಿ, ಸೆಲೆಕ್ಟ್ ಆದ್ಮೇಲೆ ಓಡಾಡೋಕೆ ಟೈಮ್ ಇರಲ್ಲ.

ಹೊಸದಾಗಿ ಯಾರಾದ್ರೂ ಕೇಳ್ತಿದ್ರೆ "ದಿನಾ ಬರೋದು ಬೇಡ" ಅನ್ನೋ ಮಾತು ಬಂದ ತಕ್ಷಣ ಎದ್ದು ಬನ್ನಿ. ಕೆಲವು ಕಡೆ ಅಕೌಂಟಿಗೆ ಪೂರ್ತಿ ಸಂಬಳ ಹಾಕಿ ಅರ್ಧಕ್ಕಿಂತ ಜಾಸ್ತಿ ಕ್ಯಾಶಲ್ಲಿ ವಾಪಸ್ ಇಸ್ಕೊಳ್ತಾರೆ, ಆಗ ನೀವು ಪೂರ್ತಿ ಟೈಮ್ ಅಲ್ಲೇ ಇದ್ರಿ ಅನ್ನೋದಕ್ಕೆ ನಿಮ್ಮ ಪಾಸ್‌ಬುಕ್ಕೇ ಸಾಕ್ಷಿ ಆಗತ್ತೆ.

ಲ್ಯಾಬ್ ಟೆಕ್ನಿಷಿಯನ್‌ಗಳೂ ಹುಷಾರಾಗಿರಿ. ನನ್ನ ರೂಮ್‌ಮೇಟ್ ಡಿಎಂಎಲ್‌ಟಿ ಮಾಡಿದಾನೆ, ಒಂದು ಸಣ್ಣ ಲ್ಯಾಬಲ್ಲಿ ಇಂಟರ್‌ವ್ಯೂಗೆ ಅಂತ ಕೊಟ್ಟ ಜೆರಾಕ್ಸನ್ನೇ ಅವರು ಲ್ಯಾಬ್ ನೋಂದಣಿಯ ಕೆಪಿಎಂಇ ಅರ್ಜಿಲಿ ಸ್ಟಾಫ್ ಅಂತ ಹಾಕಿದ್ರು. ಅವನು ಅಲ್ಲಿ ಒಂದು ದಿನಾನೂ ಕೆಲ್ಸ ಮಾಡಿಲ್ಲ. ಈಗ ಅವನು ಪ್ರತಿ ಜೆರಾಕ್ಸ್ ಮೇಲೂ "ಇಂಟರ್‌ವ್ಯೂಗೆ ಮಾತ್ರ", ಲ್ಯಾಬ್ ಹೆಸರು, ತಾರೀಖು ಅಡ್ಡಡ್ಡ ಬರ್ದು ಸೈನ್ ಮಾಡಿಯೇ ಕೊಡ್ತಾನೆ, ಅಕ್ಷರದ ಮೇಲೇ ಬರೀತಾನೆ, ಮಾರ್ಜಿನ್‌ನಲ್ಲಿ ಬರೆದ್ರೆ ಮಡಚಿ ಇನ್ನೊಂದು ಜೆರಾಕ್ಸ್ ತೆಗೀತಾರೆ ಅಂತ.

ನನ್ನ ಹೆಸರು ಆ ಲೈಸೆನ್ಸಿಂದ ಹೋಗೋಕೆ ಎರಡು ತಿಂಗಳು ಹಿಡೀತು. ನೋಟಿಸ್ ವಿಷಯ ಇನ್ನೂ ಮುಗಿದಿಲ್ಲ, ಮುಂದಿನ ಸೋಮವಾರ ಮತ್ತೆ ಹಾಜರಾಗ್ಬೇಕು.