ಚೀನೀ ಗೇಮ್ ಕನ್ನಡಕ್ಕೆ ತರುವ ಕೆಲಸ ಬಂದರೆ, ‘8 ಅಕ್ಷರ’ ಅಂದರೆ ಯಾರ ಲೆಕ್ಕದ ಎಂಟು ಅಂತ ಮೊದಲು ಕೇಳಿ

ಹೋದ ವರ್ಷ ಒಂದು ಅನುವಾದ ಏಜೆನ್ಸಿಯಿಂದ ನನಗೊಂದು ಕೆಲಸ ಬಂತು. ಚೀನಾದಲ್ಲಿ ತಯಾರಾದ ಮೊಬೈಲ್ ಗೇಮ್. ಕತ್ತಿವರಸೆ, ಮಂತ್ರ, ಬೆಟ್ಟದ ಮೇಲಿನ ಗುರುಮನೆ, ನೂರಾರು ವರ್ಷ ಬದುಕುವ ಸಾಧಕರು ಇರುವಂಥ ಲೋಕ. ಅದರ ಸ್ಕಿಲ್‌ಗಳ ಹೆಸರು ಮತ್ತು ಚೀಲದಲ್ಲಿರುವ ವಸ್ತುಗಳ ವಿವರಣೆ ಕನ್ನಡಕ್ಕೆ ಆಗಬೇಕಿತ್ತು. ಚೀನೀ ಭಾಷೆಯಿಂದ ನೇರವಾಗಿ ಕನ್ನಡಕ್ಕೆ ಮಾಡುವ ಕೆಲಸ ಸಿಗುವುದೇ ಅಪರೂಪ. ಆಸೆಗೆ ಬಿದ್ದು ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಏಜೆನ್ಸಿಯ ಹೆಸರು, ಗೇಮಿನ ಹೆಸರು ಇಲ್ಲಿ ಬೇಡ. ಈ ತಪ್ಪು ಯಾವ ಕಂಪನಿಯಲ್ಲಾದರೂ ಆಗುವಂಥದ್ದು.

ಬಂದದ್ದು ಒಂದು ಎಕ್ಸೆಲ್ ಹಾಳೆ. ಮೊದಲ ಕಾಲಮ್ಮಿನಲ್ಲಿ ಗುರುತಿನ ಸಂಖ್ಯೆ, ಆಮೇಲೆ ಚೀನೀ, ಇಂಗ್ಲಿಷ್, ಖಾಲಿ ಕನ್ನಡ, ಕೊನೆಯಲ್ಲಿ ಮಿತಿ. ಸ್ಕಿಲ್ ಹೆಸರಿನ ಸಾಲುಗಳಿಗೆಲ್ಲ ಮಿತಿ 8 ಅಂತ ಇತ್ತು, ವಸ್ತುಗಳ ವಿವರಣೆಗೆ 30. ಎಂಟು ಏನು ಅಂತ ಎಲ್ಲೂ ಬರೆದಿರಲಿಲ್ಲ. ನಾನೂ ಕೇಳಲಿಲ್ಲ. ಎಕ್ಸೆಲ್‌ನಲ್ಲಿ ಉದ್ದ ಎಣಿಸುವ `LEN` ಸೂತ್ರ ಹಾಕಿ, ಎಂಟು ಬಂದರೆ ಸರಿ ಅಂದುಕೊಂಡೆ. ಮುಂದಿನ ಫಜೀತಿಯೆಲ್ಲ ಶುರುವಾದದ್ದು ಇಲ್ಲಿಂದ.

ಕೆಲಸದ ಕಷ್ಟ ಗೊತ್ತಾಗಲು ಒಂದೆರಡು ಹೆಸರು ನೋಡಿ.

```
skill_name   破釜沉舟
skill_name   金蝉脱壳
skill_name   回春术
```

ಮೊದಲನೆಯದು ‘ಮಡಕೆ ಒಡೆದು ದೋಣಿ ಮುಳುಗಿಸು’. ಕ್ರಿ.ಪೂ. 207ರಲ್ಲಿ ಜೂಲು ಕಾಳಗಕ್ಕೆ ಮುಂಚೆ ಶ್ಯಾಂಗ್ ಯೂ ಎಂಬ ಸೇನಾನಿ ನದಿ ದಾಟಿದ ಮೇಲೆ ಅಡುಗೆ ಪಾತ್ರೆಗಳನ್ನು ಒಡೆಸಿ, ದೋಣಿಗಳನ್ನು ಮುಳುಗಿಸಿ, ಸೈನಿಕರ ಕೈಗೆ ಮೂರು ದಿನದ ಆಹಾರ ಮಾತ್ರ ಕೊಟ್ಟ ಕತೆ ಅದು. ಹಿಂದಕ್ಕೆ ಹೋಗುವ ದಾರಿಯೇ ಇಲ್ಲ. ಗೇಮಿನಲ್ಲಿ ಈ ಸ್ಕಿಲ್ ಒತ್ತಿದರೆ ಮೂರು ಸುತ್ತು ರಕ್ಷಣೆ ಸೊನ್ನೆಯಾಗಿ, ಹೊಡೆತದ ಬಲ ಎರಡು ಪಟ್ಟಾಗುತ್ತದೆ. ನಾಲ್ಕೇ ಅಕ್ಷರದಲ್ಲಿ ಕತೆಯೂ ಇದೆ, ಪರಿಣಾಮವೂ ಇದೆ. ಇಂಗ್ಲಿಷಿನವರು ಮಡಕೆ, ದೋಣಿ ಎರಡನ್ನೂ ಬಿಟ್ಟು ‘ಆಲ್ ಇನ್’ ಅಂತ ಹಾಕಿ ಕೈತೊಳೆದುಕೊಂಡಿದ್ದರು.

ನನಗೆ ತಕ್ಷಣ ಹೊಳೆದದ್ದು ‘ಮಾಡು ಇಲ್ಲವೆ ಮಡಿ’. `LEN` ಹದಿನೈದು ಅಂದಿತು. ಇಳಿಸಿ ಇಳಿಸಿ ‘ಮಾಡು ಮಡಿ’ ಅಂತ ಮಾಡಿದೆ. ಜಾಗ ಬಿಟ್ಟದ್ದೂ ಸೇರಿ ಸರಿಯಾಗಿ ಎಂಟು. ಬರೆದ ಮೇಲೆ ಓದಿಕೊಂಡರೆ ಯುದ್ಧಕ್ಕೆ ಹೊರಟವನಿಗೆ ಮಡಿ ಉಟ್ಟುಕೋ ಅಂದ ಹಾಗಿದೆ! ಆದರೂ ಬಿಟ್ಟೆ. ಅವತ್ತು ಇನ್ನೂ ನೂರೈವತ್ತು ಹೆಸರು ಬಾಕಿ ಇದ್ದವು.

ಎರಡನೆಯದು ‘ಚಿನ್ನದ ಜೀರುಂಡೆ ಚಿಪ್ಪು ಕಳಚುವುದು’. ಚೀನೀಯರ ಮೂವತ್ತಾರು ಯುದ್ಧತಂತ್ರಗಳಲ್ಲಿ 21ನೆಯದು. ಹೊರಗಿನ ರೂಪವನ್ನು ಶತ್ರುವಿನ ಕಣ್ಣಿಗೆ ಬಿಟ್ಟು, ಒಳಗಿನವನು ಜಾರಿಕೊಳ್ಳುವ ಉಪಾಯ. ಜೀರುಂಡೆ ಚಿಪ್ಪು ಬಿಡುವುದು ನಮ್ಮ ಮಾತಿನಲ್ಲಿ ಇಲ್ಲ, ಆದರೆ ಹಾವು ಪೊರೆ ಬಿಡುವುದು ಎಲ್ಲರಿಗೂ ಗೊತ್ತು. ‘ಪೊರೆಬಿಡು’ ಅಂತ ಬರೆದೆ, ಎಂಟು. ಇವತ್ತಿಗೂ ಆ ಹೆಸರಿನ ಮೇಲೆ ನನಗೆ ಪ್ರೀತಿ ಇದೆ. ಮೂರನೆಯದು ಗಾಯ ವಾಸಿ ಮಾಡುವ ವಿದ್ಯೆ. ‘ವಸಂತ ಮರಳಿಸುವುದು’ ಅನ್ನುವ ಈ ಮಾತನ್ನು ಚೀನಾದಲ್ಲಿ ಒಳ್ಳೆಯ ವೈದ್ಯರನ್ನು ಹೊಗಳಲು ಬಳಸುತ್ತಾರೆ. ‘ಸಂಜೀವಿನಿ’ ಎಂಟಕ್ಕೆ ಹಿಡಿಯುತ್ತಿತ್ತು, ಆದರೆ ಅದು ಸತ್ತವರನ್ನು ಎಬ್ಬಿಸುತ್ತದೆ, ಜೊತೆಗೆ ಹನುಮಂತನನ್ನೂ ಕರೆತರುತ್ತದೆ. ‘ಚಿಗುರು’ ಅಂತ ಇಟ್ಟೆ. ವಸಂತವೂ ಇತ್ತು, ಮತ್ತೆ ಬೆಳೆಯುವುದೂ ಇತ್ತು.

ಹೀಗೆ 180 ಹೆಸರು ಮುಗಿಸಲು ಒಂಬತ್ತು ದಿನ ಹಿಡಿಯಿತು. ಇಲ್ಲೊಂದು ಮಾತು ಹೇಳಲೇಬೇಕು. ಚೀನೀಯಿಂದ ಮಾಡುವ ಕೆಲಸಕ್ಕೆ ಸಾಮಾನ್ಯವಾಗಿ ಮೂಲದ ಅಕ್ಷರ ಎಣಿಸಿ ದುಡ್ಡು ಕೊಡುತ್ತಾರೆ. 180 ಹೆಸರು ಅಂದರೆ ಹೆಚ್ಚುಕಡಿಮೆ 650 ಅಕ್ಷರ. ಕತೆಯ ಸಂಭಾಷಣೆ ಆಗಿದ್ದರೆ ಅಷ್ಟನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು. ನನಗೆ ಸಿಕ್ಕಿದ್ದು ಆ ಒಂದು ಮಧ್ಯಾಹ್ನದ ಕೂಲಿ. ಹೆಸರುಗಳಿಗೆ ಗಂಟೆಯ ಲೆಕ್ಕ ಕೇಳಿ, ಕೊಡದಿದ್ದರೆ ಬಿಡಿ.

ಫೈಲ್ ಕಳಿಸಿದ ಮಾರನೆಯ ದಿನ ವಾಪಸ್ ಬಂತು. 180ರಲ್ಲಿ 171 ಸಾಲು ಕೆಂಪು. ಉಳಿದುಕೊಂಡದ್ದು ‘ಕಿಡಿ’, ‘ಬಲೆ’ ಥರದ ಒಂಬತ್ತು. ಜೊತೆಗೆ ಒಂದು ಸಾಲಿನ ಮೇಲ್: ಮಿತಿ ಮೊದಲೇ ತಿಳಿಸಲಾಗಿತ್ತು, ಎರಡು ದಿನದಲ್ಲಿ ಸರಿಪಡಿಸಿ ಕಳಿಸಿ, ಇದಕ್ಕೆ ಪ್ರತ್ಯೇಕ ಹಣ ಇಲ್ಲ.

ನನ್ನ ಲೆಕ್ಕದಲ್ಲಿ ಎಂಟು ಇದ್ದದ್ದು ಅವರಿಗೆ ಹದಿನಾರು ಹೇಗಾಯಿತು ಅಂತ ಮೂರು ಸಲ ಕೇಳಿದ ಮೇಲೆ, ಅಲ್ಲಿನ ಪ್ರೋಗ್ರಾಮರ್ ಒಬ್ಬರಿಂದ ಎರಡು ಸಾಲಿನ ಉತ್ತರ ಬಂತು.

```python
def width(s):
    return sum(1 if ord(c) < 128 else 2 for c in s)
```

ಇಂಗ್ಲಿಷ್ ಅಕ್ಷರವಾದರೆ ಒಂದು, ಮಿಕ್ಕ ಯಾವುದೇ ಆದರೂ ಎರಡು. ಚೀನೀ ಅಕ್ಷರ ಒಂದು ಚೌಕದಷ್ಟು ಅಗಲ, ಇಂಗ್ಲಿಷ್ ಅಕ್ಷರ ಅದರ ಅರ್ಧ. ಆ ಎರಡು ಭಾಷೆಗೆ ಈ ಲೆಕ್ಕ ಸರಿಯೇ. ನಾಲ್ಕು ಚೀನೀ ಅಕ್ಷರ ಹಿಡಿಯುವ ಗುಂಡಿಯ ಮಿತಿಯನ್ನು ಅವರು 8 ಅಂತ ಬರೆಯುತ್ತಾರೆ. ಕನ್ನಡಕ್ಕೆ ಬಂದಾಗ ಇದು ಕೆಡುತ್ತದೆ, ಏಕೆಂದರೆ ನಾವು ಒಂದು ಅಕ್ಷರ ಅನ್ನುವುದು ಕಂಪ್ಯೂಟರಿಗೆ ಒಂದಲ್ಲ. ‘ಶಕ್ತಿ’ ನಮಗೆ ಎರಡಕ್ಷರ. ಒಳಗೆ ಶ, ಕ, ಅರ್ಧಾಕ್ಷರದ ಗುರುತು, ತ, ಗುಡಿಸು ಅಂತ ಐದು ತುಂಡು. `LEN` ಈ ತುಂಡುಗಳನ್ನು ಎಣಿಸುತ್ತದೆ, ಅವರ ಕೋಡ್ ಅದನ್ನೂ ಇಮ್ಮಡಿ ಮಾಡುತ್ತದೆ. ‘ಶಸ್ತ್ರಾಸ್ತ್ರ’ ನೋಡಿ. ನಾಲಿಗೆಗೆ ಮೂರಕ್ಷರ, `LEN`ಗೆ ಹನ್ನೆರಡು, ಅವರಿಗೆ ಇಪ್ಪತ್ತನಾಲ್ಕು. ಒತ್ತಕ್ಷರ ಕೆಳಗೆ ಕೂರುವುದರಿಂದ ಪರದೆಯ ಮೇಲೆ ಅದು ಬಹಳ ಅಗಲವನ್ನೂ ತಿನ್ನುವುದಿಲ್ಲ.

ಅಂದರೆ ಮೂರು ಅಳತೆಗೋಲು ಇದ್ದವು: ನನ್ನದು, ಅವರದು, ಪರದೆಯದು. ಲೆಕ್ಕಕ್ಕೆ ಬರಬೇಕಾದದ್ದು ಪರದೆಯದು ಮಾತ್ರ. ಅದನ್ನು ಯಾರೂ ನನಗೆ ತೋರಿಸಿರಲಿಲ್ಲ. ಇದನ್ನೆಲ್ಲ ವಿವರಿಸಿ ಬರೆದೆ. ಏಜೆನ್ಸಿಯಲ್ಲಿ ಕೆಲಸ ನೋಡಿಕೊಳ್ಳುತ್ತಿದ್ದಾಕೆ ಫೋನ್ ಮಾಡಿ, “ಸರ್, ನೀವು ಹೇಳೋದು ಅರ್ಥ ಆಗುತ್ತೆ, ಆದ್ರೆ ಆ ಚೆಕ್ ಪಾಸ್ ಆಗದೆ ಫೈಲ್ ಅಪ್‌ಲೋಡೇ ಆಗಲ್ಲ. ಹೇಗಾದ್ರೂ ಮಾಡಿ ಇಳಿಸಿಬಿಡಿ” ಅಂದರು. ನಾನು ಕೆಲಸ ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ನಾಲ್ಕು ತುಂಡಿನೊಳಗೆ ಹೆಸರಿಡುವುದು ಅಂದರೆ ಎರಡಕ್ಷರ, ಬಹಳ ಅಂದರೆ ಮೂರು. ಒತ್ತಕ್ಷರ ಇದ್ದರೆ ಅದೂ ಇಲ್ಲ. ಸಂಸ್ಕೃತ ಪದಗಳ ಗತ್ತು ಪೂರ್ತಿ ಹೋಯಿತು. ‘ಪೊರೆಬಿಡು’ ಬರೀ ‘ಪೊರೆ’ ಆಯಿತು. ತಪ್ಪಿಸಿಕೊಳ್ಳುವ ಉಪಾಯ ಹೋಗಿ ಕಣ್ಣಿನ ಆಪರೇಷನ್ ನೆನಪಾಗುವ ಹಾಗೆ. ‘ಮಾಡು ಮಡಿ’ಯಲ್ಲಿ ಉಳಿದದ್ದು ‘ಮಡಿ’. ‘ಚಿಗುರು’ ಆರು ತುಂಡು, ಹಿಡಿಯಲಿಲ್ಲ. ‘ಮದ್ದು’ ಐದು. ಕೊನೆಗೆ ‘ಔಷಧ’, ಮೂರು. ಚೀಲದಲ್ಲಿ ಇದೇ ಹೆಸರಿನ ಒಂದು ವಸ್ತು ಆಗಲೇ ಇತ್ತು ಅನ್ನುವುದು ಆ ಗಡಿಬಿಡಿಯಲ್ಲಿ ಮರೆತೇಹೋಗಿತ್ತು. ಹೊಸಬರಿಗೆ ಕಲಿಸುವ ಹಂತದಲ್ಲಿ ‘ಗಾಯವಾದಾಗ ಔಷಧ ಬಳಸಿ’ ಅಂತ ಬರುತ್ತದೆ. ಆಡುವವನು ಸ್ಕಿಲ್ ಗುಂಡಿ ಒತ್ತಬೇಕೋ ಚೀಲ ತೆರೆಯಬೇಕೋ ತಿಳಿಯದೆ ಅಲ್ಲೇ ಸಾಯುತ್ತಾನೆ. ಹೆಸರು ಗಿಡ್ಡ ಮಾಡುತ್ತ ಹೋದಾಗ ಕಣ್ಣಿಗೆ ಬೀಳದೆ ಬರುವ ತೊಂದರೆ ಇದೇ, ಎರಡು ಬೇರೆ ವಸ್ತುಗಳು ಒಂದೇ ಹೆಸರಿಗೆ ಬಂದು ನಿಲ್ಲುತ್ತವೆ. ಈಗ ನಾನು ಕಳಿಸುವ ಮುಂಚೆ ಕನ್ನಡ ಕಾಲಮ್ಮನ್ನು ಅಕಾರಾದಿಯಾಗಿ ಜೋಡಿಸಿ, ಒಂದರ ಕೆಳಗೊಂದು ಅದೇ ಹೆಸರು ಬಂದಿದೆಯೇ ಅಂತ ನೋಡುತ್ತೇನೆ.

ವಿವರಣೆಗಳ ಕತೆ ಇನ್ನೂ ಬೇಸರದ್ದು. ಒಂದು ಹಳೆಯ ಕತ್ತಿಯ ಕೆಳಗೆ ಹೀಗಿತ್ತು:

```
item_desc   剑锋已钝,杀意犹存。
```

ಕತ್ತಿಯ ಬಾಯಿ ಹೋಗಿದೆ, ಕೊಲ್ಲುವ ಮನಸ್ಸು ಹೋಗಿಲ್ಲ ಅನ್ನುವ ಭಾವ. ನಾಲ್ಕಕ್ಕೆ ನಾಲ್ಕು ತೂಗುವ ಸಾಲು. ಮೊದಲು ‘ಅಲಗು ಮೊಂಡಾದರೂ ಹಗೆ ಮೊಂಡಾಗಿಲ್ಲ.’ ಅಂತ ಬರೆದಿದ್ದೆ. ಕೆಂಪು ಬಂದ ಮೇಲೆ ‘ಅಲಗು ಮೊಂಡು, ಹಗೆ ಚೂಪು.’ ಅಂದೆ. ನಿಜ ಹೇಳಬೇಕೆಂದರೆ ಇದು ಮೊದಲಿನದಕ್ಕಿಂತ ಚೆನ್ನಾಗಿದೆ. ಮಿತಿಯಿಂದ ಒಮ್ಮೊಮ್ಮೆ ಹೀಗೂ ಆಗುತ್ತದೆ. ಆದರೆ ಅವರ ಲೆಕ್ಕದಲ್ಲಿ ಅದೂ ಮೂವತ್ತೇಳು, ಮಿತಿ ಮೂವತ್ತು. ಪಾಸಾದದ್ದು ‘ಮೊಂಡು ಕತ್ತಿ.’ ಅಡುಗೆಮನೆಯ ಈಳಿಗೆಮಣೆಗೂ ಅದೇ ವಿವರಣೆ ಸಾಕು.

ಫೈಲ್ ಪಾಸಾಗಿ ಮೂರು ವಾರವಾದ ಮೇಲೆ ಪರೀಕ್ಷೆಗೆಂದು ಪರದೆಯ ಚಿತ್ರಗಳನ್ನು ಕಳಿಸಿದರು. ನೋಡಿ ಹೊಟ್ಟೆ ಉರಿಯಿತು. ಗುಂಡಿಯ ಮಧ್ಯೆ ‘ಮಡಿ’ ಒಂಟಿಯಾಗಿ ಕೂತಿದೆ, ಅಕ್ಕಪಕ್ಕ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ. ‘ಪೊರೆಬಿಡು’, ‘ಚಿಗುರು’ ಎರಡೂ ಅಲ್ಲಿ ಆರಾಮಾಗಿ ಕೂರುತ್ತಿದ್ದವು. ಅಗಲ ಸಾಕಷ್ಟಿತ್ತು, ಸಾಲದೆ ಬಂದದ್ದು ಎತ್ತರ. ಚೀನೀ ಚೌಕಕ್ಕೆ ಅಂತ ಕೊಯ್ದ ಪಟ್ಟಿಯಲ್ಲಿ ‘ಅಸ್ತ್ರ’ದ ಒತ್ತು ಕೆಳಗೆ ಕತ್ತರಿಸಿಹೋಗಿತ್ತು. ಕೆಲವು ಕಡೆ ಒತ್ತು ಕೂಡಿಕೊಳ್ಳದೆ ‘ಕತ್ತಿ’ಯ ತಕಾರ ಬಿಡಿಬಿಡಿಯಾಗಿ ನಿಂತಿತ್ತು. ಗೇಮ್ ತಯಾರಿಸುವ ಎಷ್ಟೋ ಸಲಕರಣೆಗಳಿಗೆ ನಮ್ಮ ಲಿಪಿಯ ತುಂಡುಗಳನ್ನು ಸೇರಿಸಿ ಬರೆಯಲು ತಾವಾಗಿ ಬರುವುದಿಲ್ಲ. ಯಾರಾದರೂ ಅದನ್ನು ಜೋಡಿಸಿಕೊಡಬೇಕು.

ಈಗ ಇಂಥ ಕೆಲಸ ಬಂದರೆ ಒಂದು ಸಾಲು ಅನುವಾದ ಮಾಡುವ ಮುಂಚೆಯೇ ಐದು ಪದ ಕಳಿಸುತ್ತೇನೆ: ‘ಶಕ್ತಿ’, ‘ಚಿಗುರು’, ‘ಪೊರೆಬಿಡು’, ‘ಸಂಜೀವಿನಿ’, ‘ಶಸ್ತ್ರಾಸ್ತ್ರ’. ಇವನ್ನು ಅವರ ಗುಂಡಿಯ ಮೇಲೆ ಹಾಕಿ, ಪರದೆಯ ಚಿತ್ರ ತೆಗೆದು ಕಳಿಸಲು ಹೇಳುತ್ತೇನೆ. ಒತ್ತು ಕೂಡುತ್ತದೆಯೇ, ಕೆಳಗೆ ಕತ್ತರಿಸುತ್ತದೆಯೇ, ಎಷ್ಟು ಅಗಲಕ್ಕೆ ಮುಗಿಯುತ್ತದೆ, ಎಲ್ಲ ಅದರಲ್ಲೇ ಗೊತ್ತಾಗುತ್ತದೆ. ಮಿತಿಯನ್ನು ಸಂಖ್ಯೆಯಲ್ಲಿ ಬೇಡ, ಅವರದೇ ಫಾಂಟಿನಲ್ಲಿ ಪಿಕ್ಸೆಲ್ ಅಗಲವಾಗಿ ಕೊಡಿ ಅನ್ನುತ್ತೇನೆ. ಅಳತೆ ನಡುವೆ ಬದಲಾದರೆ ಮರುಕೆಲಸಕ್ಕೆ ಹಣ ಅಂತ ಬರೆಸಿಕೊಳ್ಳುತ್ತೇನೆ. ಹೋದ ತಿಂಗಳು ಒಬ್ಬರು ಐದು ಪದದ ಚಿತ್ರ ಕಳಿಸಲು ಸಮಯವಿಲ್ಲ ಅಂದರು. ನಾನೂ ಆ ಕೆಲಸ ಬಿಟ್ಟೆ.

ಆ 破釜沉舟ಗೆ ಸರಿಯಾದ ಹೆಸರು ಎರಡು ತಿಂಗಳ ನಂತರ ಬಸ್ಸಿನಲ್ಲಿ ಕೂತಾಗ ಹೊಳೆಯಿತು: ‘ಹಿಂಜರಿಯೆ’. ನಾಲ್ಕಕ್ಷರ. ‘ಇಲ್ಲ’ ಸೇರಿಸದೆಯೇ ನಿಷೇಧ ಹೇಳುವ ನಮ್ಮ ಹಳೆಯ ಕ್ರಿಯಾರೂಪ. ‘ಬಿಡೆ’, ‘ಅಂಜೆ’, ‘ಅಳಿಯದು’ ಎಲ್ಲ ಈ ಜಾತಿಯವು. ಹಳೆಯ ಚೀನೀಯ ಬಿಗಿಗೆ ಕನ್ನಡದಲ್ಲಿ ಇದರಷ್ಟು ಹತ್ತಿರದ್ದು ನನಗೆ ಬೇರೆ ಸಿಕ್ಕಿಲ್ಲ. ಜಾಗವೂ ಉಳಿಯುತ್ತದೆ, ವೀರನ ಬಾಯಲ್ಲಿ ಕೇಳಲೂ ಚೆನ್ನ. ಏಜೆನ್ಸಿಗೆ ಬರೆದೆ. ಅಷ್ಟರಲ್ಲಿ ಅವರು ಎಣಿಕೆಯ ಕೋಡ್ ತಿದ್ದಿದ್ದರು. ಆದರೆ ಒಂದು ಹೆಸರು ಬದಲಾದರೆ ಅದನ್ನು ಉಲ್ಲೇಖಿಸುವ ನಲವತ್ತು ಸಾಲು ಬದಲಾಗಬೇಕು, ಮತ್ತೆ ಪರೀಕ್ಷೆ ಆಗಬೇಕು, ಈಗ ಆಗುವುದಿಲ್ಲ ಅಂದರು. ನನ್ನ ಬಿಲ್ಲಿನಲ್ಲಿ ಗುಣಮಟ್ಟದ ಹೆಸರಲ್ಲಿ ನೂರಕ್ಕೆ ಹದಿನೈದು ಮುರಿದುಕೊಂಡದ್ದೂ ವಾಪಸ್ ಬರಲಿಲ್ಲ. ಆ ಗೇಮಿನಲ್ಲಿ ಇವತ್ತಿಗೂ ‘ಮಡಿ’ ಒತ್ತಿದರೆ ಯೋಧ ಮೂರು ಸುತ್ತು ಇಮ್ಮಡಿ ಬಲದಿಂದ ಹೊಡೆಯುತ್ತಾನೆ.